ಹಸಿ ಮೊಟ್ಟೆಯ ಬಿಳಿಭಾಗ ದಿನಾ ಕುಡಿಯುವ ಮಗನಿಗೆ ಏನು ಹೇಳುವುದು?

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಸೂಪರ್ ಮಾರ್ಕೆಟ್‌ಗಳಲ್ಲಿ ಹಾಲು-ಮೊಸರಿನ ಸಾಲಿನಲ್ಲೇ ಈಗ ಮೊಟ್ಟೆಯ ಬಿಳಿಭಾಗದ ಡಬ್ಬಿಯೂ ಸಿಗುತ್ತದೆ. ಒಡೆಯುವ ಕೆಲಸವಿಲ್ಲ, ಹಳದಿ ಬೇರೆ ಮಾಡುವ ತಾಪತ್ರಯವಿಲ್ಲ. ಹೈಸ್ಕೂಲಿಗೆ ಹೋಗುವ ಮಗ ಜಿಮ್ ಸೇರಿದ್ದರೆ, ಒಂದು ದಿನ ಆ ಡಬ್ಬಿ ನಿಮ್ಮ ಫ್ರಿಜ್‌ಗೂ ಬಂದಿರುತ್ತದೆ. ಬೆಳಿಗ್ಗೆ ಒಂದು ಲೋಟ ಸುರಿದುಕೊಂಡು, ಮೂಗು ಮುಚ್ಚಿ ಗಟಗಟ ಕುಡಿದು ಶಾಲೆಯ ಬಸ್ಸು ಹತ್ತುತ್ತಾನೆ. ನೀವು ಬೇಡವೆಂದರೆ ಊರಿನಿಂದ ಫೋನಿನಲ್ಲಿ ಅಜ್ಜ ಅವನ ಪರ ನಿಲ್ಲುತ್ತಾರೆ: "ಗರಡಿ ಮನೆಯ ಹುಡುಗರು ಹಸಿ ಮೊಟ್ಟೆ ಕುಡಿದೇ ಗಟ್ಟಿಯಾದದ್ದು, ಕುಡಿಯಲಿ ಬಿಡು."

ಹಾಗಾದರೆ ಇದರಿಂದ ತೊಂದರೆ ಇದೆಯೇ, ಇಲ್ಲವೇ? ಯಾವಾಗಲೋ ಒಮ್ಮೆ ಆದರೆ ಬಿಳಿಭಾಗದ ವಿಷಯದಲ್ಲಿ ಹೆದರಬೇಕಾದ್ದು ಏನೂ ಇಲ್ಲ. ದಿನಾ, ತಿಂಗಳುಗಟ್ಟಲೆ ಆದರೆ ಇದೆ. ಕಾರಣ, ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಒಂದು ಪ್ರೋಟೀನ್.

ಉಡದ ಪಟ್ಟು

ಬಯೋಟಿನ್ ಎನ್ನುವುದು ಬಿ ಗುಂಪಿನ ಒಂದು ಜೀವಸತ್ವ. ನಾವು ತಿಂದ ಕೊಬ್ಬು, ಸಕ್ಕರೆ, ಪ್ರೋಟೀನ್‌ಗಳನ್ನು ದೇಹ ಬಳಸಿಕೊಳ್ಳುವಾಗ ಕೆಲವು ಕಿಣ್ವಗಳಿಗೆ ಇದು ಬೇಕೇ ಬೇಕು. ಬೇಕಾದ ಪ್ರಮಾಣ ಮಾತ್ರ ಬಹಳ ಸಣ್ಣದು. ಅಮೆರಿಕದ ಮಾರ್ಗಸೂಚಿಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ, 14ರಿಂದ 18 ವರ್ಷದವರಿಗೆ 25, ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ 12 ಸಾಕು. ಒಂದು ಮಿಲಿಗ್ರಾಂನಲ್ಲಿ ಸಾವಿರ ಮೈಕ್ರೋಗ್ರಾಂ ಇರುತ್ತದೆ ಎಂದರೆ ಇದು ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ.

ಅವಿಡಿನ್‌ನ ಒಂದೊಂದು ಕಣಕ್ಕೂ ನಾಲ್ಕು ಕೈಗಳಿವೆ ಎಂದುಕೊಳ್ಳಿ. ಪ್ರತಿ ಕೈಯೂ ಒಂದು ಬಯೋಟಿನ್ ಕಣವನ್ನು ಹಿಡಿಯುತ್ತದೆ. ಹಿಡಿದರೆ ಉಡದ ಪಟ್ಟು, ಬಿಡುವ ಮಾತೇ ಇಲ್ಲ. ರಾಸಾಯನಿಕ ಬೆಸುಗೆಯಾಗದೆ ಬರೀ ಅಂಟಿಕೊಂಡು ನಿಲ್ಲುವ ಜೋಡಿಗಳಲ್ಲಿ ಪ್ರಕೃತಿಯಲ್ಲಿ ಕಂಡುಬಂದಿರುವ ಅತಿ ಬಿಗಿಯಾದ ಹಿಡಿತಗಳಲ್ಲಿ ಇದೂ ಒಂದು. ಹೊಟ್ಟೆಯ ಆಮ್ಲವಾಗಲಿ, ಕರುಳಿನ ಜೀರ್ಣರಸವಾಗಲಿ ಈ ಜೋಡಿಯನ್ನು ಬಿಡಿಸಲಾರವು. ಹಾಗಾಗಿ ಬಯೋಟಿನ್ ರಕ್ತಕ್ಕೆ ಸೇರದೆ, ಅವಿಡಿನ್ ಜೊತೆಯಲ್ಲೇ ಮಲದಲ್ಲಿ ಹೊರಗೆ ಹೋಗುತ್ತದೆ.

ಕೋಳಿಗೆ ಇದರಿಂದ ಲಾಭವೇ ಇದೆ. ಚಿಪ್ಪಿನೊಳಗೆ ನುಸುಳಿದ ಸೂಕ್ಷ್ಮಜೀವಿಗಳಿಗೆ ಬಯೋಟಿನ್ ಸಿಗದಂತೆ ಮಾಡಿ ಮರಿಯನ್ನು ಕಾಯುವ ವ್ಯವಸ್ಥೆ ಇದು ಎಂಬುದು ವಿಜ್ಞಾನಿಗಳ ವಿವರಣೆ. ಬಯೋಟಿನ್ ಹೆಚ್ಚಾಗಿ ಇರುವುದು ಹಳದಿಯಲ್ಲಿ, ಅದನ್ನು ಕಟ್ಟಿಹಾಕುವ ಅವಿಡಿನ್ ಇರುವುದು ಬಿಳಿಯಲ್ಲಿ.

ಒಂದು ಲೋಟದ ಲೆಕ್ಕ

ಈಗ ಆ ಹುಡುಗನ ಬೆಳಗಿನ ಲೋಟಕ್ಕೆ ಬರೋಣ. ಒಂದು ಮೊಟ್ಟೆಯ ಬಿಳಿಭಾಗ ಸುಮಾರು 33 ಗ್ರಾಂ ತೂಗುತ್ತದೆ. ಆದ್ದರಿಂದ 200 ಮಿಲಿ ಲೋಟ ಎಂದರೆ ಹೆಚ್ಚುಕಡಿಮೆ ಆರು ಮೊಟ್ಟೆಯ ಬಿಳಿಭಾಗ. ಒಂದರಲ್ಲಿ ಸುಮಾರು ಒಂದೂವರೆ ಮಿಲಿಗ್ರಾಂ ಅವಿಡಿನ್ ಇದೆ ಎಂದಿಟ್ಟುಕೊಂಡರೆ ಒಟ್ಟು ಒಂಬತ್ತು ಮಿಲಿಗ್ರಾಂ ಆಯಿತು. ಒಂದು ಮಿಲಿಗ್ರಾಂ ಅವಿಡಿನ್ ಸುಮಾರು 14 ಮೈಕ್ರೋಗ್ರಾಂ ಬಯೋಟಿನ್ ಹಿಡಿಯಬಲ್ಲದು. ಅಂದರೆ ಆ ಲೋಟಕ್ಕೆ 125 ಮೈಕ್ರೋಗ್ರಾಂ ಬಯೋಟಿನ್ ಕಟ್ಟಿಹಾಕುವ ಶಕ್ತಿ ಇದೆ. ಹುಡುಗನಿಗೆ ಇಡೀ ದಿನಕ್ಕೆ ಬೇಕಾದದ್ದು 25.

ಇದು ಗರಿಷ್ಠ ಲೆಕ್ಕ. ಬೆಳಗಿನ ಲೋಟದ ಅವಿಡಿನ್ ರಾತ್ರಿಯ ಊಟದ ಬಯೋಟಿನ್‌ವರೆಗೂ ಕಾದು ಕೂರುವುದಿಲ್ಲ. ಆ ಹೊತ್ತಿಗೆ ಕರುಳಿನಲ್ಲಿ ಸಿಕ್ಕಿದ್ದನ್ನು ಮಾತ್ರ ಅದು ಹಿಡಿಯುತ್ತದೆ. ಆದರೂ ಬೆಳಿಗ್ಗೆ ಒಂದು ಲೋಟ, ಸಂಜೆ ಜಿಮ್ ಮುಗಿಸಿ ಇನ್ನೊಂದು ಲೋಟ ಎಂದಾದರೆ ಉಳಿಯುವುದು ಅಷ್ಟಕ್ಕಷ್ಟೆ.

"ಹಳದಿಯನ್ನೂ ಸೇರಿಸಿ ಹಸಿಯಾಗಿ ಕುಡಿದರೆ?" ಎಂದು ಕೇಳಬಹುದು. ಇಡೀ ಮೊಟ್ಟೆಯಲ್ಲಿ ಸುಮಾರು 10 ಮೈಕ್ರೋಗ್ರಾಂ ಬಯೋಟಿನ್ ಇರುತ್ತದೆ. ಅದೇ ಮೊಟ್ಟೆಯ ಬಿಳಿಭಾಗ 20ರಷ್ಟನ್ನು ಹಿಡಿಯಬಲ್ಲದು. ತಾನು ತಂದದ್ದನ್ನೂ ನುಂಗಿ, ಪಕ್ಕದವರ ತಟ್ಟೆಗೂ ಕೈಹಾಕಿದ ಹಾಗೆ.

ಇದು ಗೊತ್ತಾದದ್ದು ಹೇಗೆ

1927ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಮಾರ್ಗರೆಟ್ ಬೋವಾಸ್ ಎಂಬಾಕೆ ಇಲಿಗಳಿಗೆ ಪ್ರೋಟೀನ್‌ಗಾಗಿ ಹಸಿ ಬಿಳಿಭಾಗವನ್ನೇ ಕೊಟ್ಟು ನೋಡಿದರು. ಇಲಿಗಳ ಚರ್ಮ ಕೆಂಪಾಗಿ ಹೊಟ್ಟೆದ್ದಿತು, ಕೂದಲು ಉದುರಿತು. ಬೇಯಿಸಿದ ಬಿಳಿಭಾಗ ತಿಂದ ಇಲಿಗಳಿಗೆ ಏನೂ ಆಗಲಿಲ್ಲ. ಕಾರಣ ತಿಳಿಯಲು ಹದಿಮೂರು ವರ್ಷ ಬೇಕಾಯಿತು. 1940ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಈಕಿನ್, ಸ್ನೆಲ್ ಮತ್ತು ವಿಲಿಯಮ್ಸ್ ಆ ಪ್ರೋಟೀನನ್ನು ಪತ್ತೆಮಾಡಿದರು. ಇಂಗ್ಲಿಷಿನಲ್ಲಿ 'ಅವಿಡ್' ಎಂದರೆ ಆಸೆಬುರುಕ. ಬಯೋಟಿನ್‌ಗಾಗಿ ಬಾಯಿಬಿಡುವ ಪ್ರೋಟೀನ್ ಆದ್ದರಿಂದ ಅದಕ್ಕೆ ಅವಿಡಿನ್ ಎಂಬ ಹೆಸರು ಬಂತು.

ಮನುಷ್ಯರ ಮೇಲಿನ ಪ್ರಯೋಗ ಪ್ರಕಟವಾದದ್ದು 1942ರಲ್ಲಿ. ಅಮೆರಿಕದ ಜಾರ್ಜಿಯಾದಲ್ಲಿ ಸೈಡನ್‌ಸ್ಟ್ರಿಕರ್ ಎಂಬ ವೈದ್ಯರು ನಾಲ್ಕು ಸ್ವಯಂಸೇವಕರಿಗೆ ದಿನದ ಕ್ಯಾಲರಿಯ ಶೇಕಡಾ 30ರಷ್ಟನ್ನು ಒಣಗಿಸಿದ ಬಿಳಿಭಾಗದಿಂದಲೇ ಕೊಟ್ಟರು. ಕೆಲವು ವಾರಗಳಲ್ಲಿ ಅವರ ಚರ್ಮ ಒಣಗಿ ಹೊಟ್ಟೇಳತೊಡಗಿತು. ಆಮೇಲೆ ಸುಸ್ತು, ಮೈಕೈ ನೋವು, ಊಟ ಸೇರದಿರುವುದು, ಮನಸ್ಸು ಮಂಕಾಗುವುದು ಒಂದೊಂದಾಗಿ ಬಂದವು. ಬಯೋಟಿನ್ ಚುಚ್ಚುಮದ್ದು ಕೊಟ್ಟ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು.

ಪ್ರಯೋಗವಿಲ್ಲದೆ ಹೀಗಾದವರು ಕಡಿಮೆ, ಆದರೆ ಇದ್ದಾರೆ. 1968ರಲ್ಲಿ ವರದಿಯಾದ ಒಬ್ಬ ಯಕೃತ್ತಿನ ರೋಗಿ ತಿಂಗಳುಗಟ್ಟಲೆ ದಿನಕ್ಕೆ ಆರು ಹಸಿ ಮೊಟ್ಟೆ ಕುಡಿದಿದ್ದರು. 1981ರಲ್ಲಿ ವರದಿಯಾದ ಒಬ್ಬ ಹುಡುಗನಿಗೆ ನಳಿಕೆಯ ಮೂಲಕ ಕೊಡುತ್ತಿದ್ದ ಆಹಾರದಲ್ಲಿ ಹಸಿ ಮೊಟ್ಟೆ ಸೇರಿತ್ತು. ಮೈಮೇಲೆ ದದ್ದು ಎದ್ದು, ಕೂದಲು ಉದುರಿತ್ತು. ಎಲ್ಲ ಕಡೆಯೂ ಒಂದೇ ಮಾದರಿ: ಹಸಿ, ಹೆಚ್ಚು, ಬಹಳ ಕಾಲ.

ಡಬ್ಬಿಯ ಮೇಲಿನ 'ಪಾಶ್ಚರೈಸ್ಡ್' ಮಾತು

ಅನೇಕ ಪೋಷಕರು ಎಡವುವುದು ಇಲ್ಲಿ. ಡಬ್ಬಿಯ ಬಿಳಿಭಾಗ ಪಾಶ್ಚರೈಸ್ ಆಗಿದೆ, ಹಾಗಾಗಿ ಬೇಯಿಸಿದಂತೆಯೇ ಎಂದುಕೊಳ್ಳುತ್ತಾರೆ. ಬಿಳಿಭಾಗವನ್ನು ಸಾಮಾನ್ಯವಾಗಿ ಸುಮಾರು 57 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಮಾತ್ರ ಬಿಸಿ ಮಾಡುತ್ತಾರೆ. ಅದಕ್ಕಿಂತ ಹೆಚ್ಚು ಬಿಸಿ ಮಾಡಿದರೆ ಡಬ್ಬಿಯೊಳಗೇ ಗಟ್ಟಿಯಾಗಿಬಿಡುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯಲು ಇದು ಸಾಕು. ಅವಿಡಿನ್ ರಚನೆ ಕುಸಿಯಲು ಸುಮಾರು 85 ಡಿಗ್ರಿ ಬೇಕು. ಹಾಗಾಗಿ ಪಾಶ್ಚರೈಸ್ ಆದ ಡಬ್ಬಿ ವಾಂತಿ-ಭೇದಿಯಿಂದ ಕಾಪಾಡುತ್ತದೆ, ಅವಿಡಿನ್‌ನಿಂದ ಕಾಪಾಡುವುದಿಲ್ಲ.

ಚಿಪ್ಪಿನ ಮೊಟ್ಟೆಯನ್ನೇ ಒಡೆದು ಹಸಿಯಾಗಿ ಕುಡಿದರೆ ಎರಡೂ ಅಪಾಯ ಸೇರುತ್ತವೆ. ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಸಾಲ್ಮೊನೆಲ್ಲಾ ಭಯವೇ ಮೊದಲನೆಯದು. ಅದಕ್ಕೆ ತಿಂಗಳುಗಟ್ಟಲೆ ಕುಡಿಯಬೇಕಿಲ್ಲ, ಒಂದೇ ಮೊಟ್ಟೆ ಸಾಕು.

ಅಡುಗೆಮನೆಯಲ್ಲಿ ಗುರುತು ಸುಲಭ. ಬಿಳಿಭಾಗ 60 ಡಿಗ್ರಿ ದಾಟಿದ ಮೇಲೆ ಮಸುಕಾಗತೊಡಗುತ್ತದೆ, 80ರ ಸುಮಾರಿಗೆ ಗಟ್ಟಿಯಾಗುತ್ತದೆ. ಲೋಳೆಯಾಗಿ, ಅಲ್ಲಲ್ಲಿ ನೀರಿನಂತೆ ಉಳಿದಿದ್ದರೆ ಅಲ್ಲಿ ಅವಿಡಿನ್ ಸ್ವಲ್ಪ ಉಳಿದಿರುತ್ತದೆ. ಕುದಿಯುವ ನೀರಿನಲ್ಲಿ ಹತ್ತು-ಹನ್ನೆರಡು ನಿಮಿಷ ಬೆಂದ ಮೊಟ್ಟೆ, ಎರಡೂ ಕಡೆ ಚೆನ್ನಾಗಿ ಬೆಂದ ಆಮ್ಲೆಟ್, ಈರುಳ್ಳಿ ಹಾಕಿ ಒಣಗುವಷ್ಟು ಹುರಿದ ಮೊಟ್ಟೆ ಪಲ್ಯ, ಇವುಗಳಲ್ಲಿ ಚಿಂತೆ ಇಲ್ಲ. ಇಂಥ ಮೊಟ್ಟೆ ಬಯೋಟಿನ್ ಕೊಡುತ್ತದೆ, ಕಸಿಯುವುದಿಲ್ಲ.

ಕೂದಲು ಉದುರುತ್ತಿದ್ದರೆ

ಕೊಲ್ಲಿಗೆ ಬಂದ ಮೇಲೆ ಕೂದಲು ಉದುರಿದರೆ ನಾವೆಲ್ಲ ಮೊದಲು ದೂರುವುದು ನಲ್ಲಿಯ ನೀರನ್ನು. ಆದರೆ ಮಗ ತಿಂಗಳುಗಳಿಂದ ಹಸಿ ಬಿಳಿಭಾಗ ಕುಡಿಯುತ್ತಿದ್ದು, ಕೂದಲು ತೆಳುವಾಗುವುದರ ಜೊತೆಗೆ ಕಣ್ಣು, ಮೂಗು, ಬಾಯಿಯ ಸುತ್ತ ಕೆಂಪಗೆ ಹೊಟ್ಟೇಳುವ ದದ್ದು ಕಂಡರೆ, ಕೈಕಾಲು ಜುಮ್ಮೆನ್ನುತ್ತಿದ್ದರೆ, ಕಾರಣವಿಲ್ಲದೆ ಮಂಕಾಗಿದ್ದರೆ, ವೈದ್ಯರಿಗೆ ಮೊಟ್ಟೆಯ ವಿಷಯವನ್ನು ನೀವೇ ಹೇಳಿ. ಅವರಾಗಿ ಕೇಳುವ ಪ್ರಶ್ನೆ ಅದಲ್ಲ. ಫಿಟ್ಸ್‌ಗೆ ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ತೆಗೆದುಕೊಳ್ಳುವ ಮಕ್ಕಳಲ್ಲಿ ಬಯೋಟಿನ್ ಮೊದಲೇ ಕಡಿಮೆಯಾಗಬಹುದು. ಬಯೋಟಿನಿಡೇಸ್ ಕೊರತೆ ಎಂಬ ಹುಟ್ಟಿನಿಂದ ಬರುವ ತೊಂದರೆ ಇದ್ದವರ ದೇಹ ಬಯೋಟಿನನ್ನು ಮರುಬಳಕೆ ಮಾಡಲಾರದು. ಇಂಥವರ ಮನೆಯಲ್ಲಿ ಹಸಿ ಬಿಳಿಭಾಗ ಬೇಡವೇ ಬೇಡ.

ಹೊರಗೆ ಏನೂ ಕಾಣಿಸುತ್ತಿಲ್ಲ ಎಂದ ಮಾತ್ರಕ್ಕೆ ಒಳಗೆ ಎಲ್ಲ ಸರಿಯಿದೆ ಎಂದಲ್ಲ. ಡೊನಾಲ್ಡ್ ಮಾಕ್ ಎಂಬ ಅಮೆರಿಕದ ಸಂಶೋಧಕರು ಆರೋಗ್ಯವಂತರಿಗೆ ಹಸಿ ಬಿಳಿಭಾಗ ಕೊಟ್ಟು ನೋಡಿದಾಗ, ಎರಡು-ಮೂರು ವಾರಗಳಲ್ಲೇ ಕೊರತೆಯ ಗುರುತು ಮೂತ್ರದಲ್ಲಿ ಕಂಡಿತು. ಚರ್ಮ, ಕೂದಲಿಗೆ ಆಗ ಇನ್ನೂ ಏನೂ ಆಗಿರಲಿಲ್ಲ.

ಹಾಗೆಂದು ಫಾರ್ಮಸಿಗೆ ಓಡಿ ಕೂದಲಿಗೆಂದು ಮಾರುವ ದೊಡ್ಡ ಡೋಸಿನ ಬಯೋಟಿನ್ ಮಾತ್ರೆ ತರುವುದೂ ಸರಿಯಲ್ಲ. ಥೈರಾಯ್ಡ್ ಮತ್ತು ಹೃದಯಕ್ಕೆ ಸಂಬಂಧಿಸಿದ ಕೆಲವು ರಕ್ತಪರೀಕ್ಷೆಗಳು ಇದೇ ಉಡದ ಪಟ್ಟನ್ನು ನಂಬಿಕೊಂಡು ನಡೆಯುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿಕೊಂಡಿದ್ದರೆ ವರದಿ ತಪ್ಪಾಗಿ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಲ್ಯಾಬಿನಲ್ಲಿ ತಿಳಿಸಿ.

ಮಗನ ಕಿವಿಗೆ ಬೀಳುವ ಮಾತು

ಕೂದಲು, ಚರ್ಮದ ಮಾತು ಹದಿನಾರರ ಹುಡುಗನಿಗೆ ರುಚಿಸದಿರಬಹುದು. ಸ್ನಾಯುವಿನ ಮಾತು ರುಚಿಸುತ್ತದೆ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಅಳೆದು ನೋಡಿದಾಗ, ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಶೇಕಡಾ 91ರಷ್ಟು ಜೀರ್ಣವಾಗಿತ್ತು, ಹಸಿಯದರಲ್ಲಿ ಶೇಕಡಾ 51 ಮಾತ್ರ. ಅಂದರೆ ಅವನು ಮೂಗು ಮುಚ್ಚಿ ಕುಡಿಯುವ ಲೋಟದ ಅರ್ಧದಷ್ಟು ಪ್ರೋಟೀನ್ ಅವನಿಗೆ ದಕ್ಕುವುದೇ ಇಲ್ಲ. ಡಬ್ಬಿಯನ್ನು ಎಸೆಯಬೇಕಿಲ್ಲ. ಅದನ್ನೇ ಬಾಣಲೆಗೆ ಸುರಿದು, ಕೊತ್ತಂಬರಿ, ಹಸಿಮೆಣಸು ಹಾಕಿ ಗಟ್ಟಿಯಾಗುವವರೆಗೆ ಬೇಯಿಸಿದರೆ ಐದು ನಿಮಿಷದ ಕೆಲಸ. ಜೊತೆಗೆ ಒಂದು ಇಡೀ ಮೊಟ್ಟೆ ಒಡೆದು ಹಾಕಿದರೆ ಹಳದಿಯ ಬಯೋಟಿನ್ ಕೂಡ ಸಿಗುತ್ತದೆ.

ಪುಟ್ಟ ತಂಗಿ "ಉಡ ಅಂದ್ರೆ ಏನಮ್ಮಾ?" ಎಂದು ಕೇಳಿದರೆ, ಮರುಭೂಮಿಯ ಹಲ್ಲಿಗಳನ್ನು ನೋಡಿರುವ ಮಗುವಿಗೆ ಊರಿನ ಗುಡ್ಡದ ಉಡವನ್ನು ವಿವರಿಸುವುದು ಕಷ್ಟವಲ್ಲ. ಗಟ್ಟಿಯಾಗಿ ಹಿಡಿದುಕೊಂಡರೆ ಬಿಡದ ಪ್ರಾಣಿ ಎಂದು ಹೇಳಿ. ಬಾಣಲೆಯಲ್ಲಿ ಬಿಳಿಭಾಗ ಬೆಳ್ಳಗಾಗುವುದನ್ನು ತೋರಿಸಿ, ಪೂರ್ತಿ ಗಟ್ಟಿಯಾದಾಗ ಉಡ ಕೈಬಿಟ್ಟಿತು ಎನ್ನಿ. ಅಣ್ಣನ ತಟ್ಟೆ ಬೆಂದಿದೆಯೋ ಇಲ್ಲವೋ ಎಂದು ನಾಳೆಯಿಂದ ಅವಳೇ ನೋಡಿಕೊಳ್ಳುತ್ತಾಳೆ.