ಟ್ಯಾಂಕು ತುಂಬಿದ ದಿನ

2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಮೇ ವಾಯಿದೆ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಎಂದರೆ, ತೈಲವನ್ನೂ ಒಯ್ಯಿರಿ, ಮೇಲೆ ದುಡ್ಡನ್ನೂ ತಗೊಳ್ಳಿ! ಅದೇ ದಿನ ಜೂನ್ ವಾಯಿದೆ 20 ಡಾಲರ್ ದಾಟಿತ್ತು. ತೈಲ ಒಂದೇ, ತೊಡಕಿದ್ದದ್ದು ಇಡುವ ಜಾಗದ್ದು. ಲಾಕ್‌ಡೌನಿನಲ್ಲಿ ಬಳಕೆ ಕುಸಿದಿತ್ತು. ಸರಕು ಒಪ್ಪಿಸಿಕೊಳ್ಳಬೇಕಾದ ಓಕ್ಲಹೋಮಾದ ಕುಶಿಂಗ್‌ನಲ್ಲಿ ಬಾಡಿಗೆಗೆ ಟ್ಯಾಂಕೇ ಸಿಗುತ್ತಿರಲಿಲ್ಲ.

ಹೀಗೆ ಮುಂದಿನ ತಿಂಗಳ ಬೆಲೆ ಹೆಚ್ಚಿದ್ದರೆ ಅದು ಕಾಂಟ್ಯಾಂಗೊ. ಟ್ಯಾಂಕ್ ಇದ್ದವನಿಗೆ ಸುಗ್ಗಿ: ಇಂದು ಕೊಂಡು, ಮುಂದಿನ ತಿಂಗಳ ವಾಯಿದೆಗೆ ಈಗಲೇ ಮಾರಿಟ್ಟರೆ, ಬಾಡಿಗೆ, ಬಡ್ಡಿ, ವಿಮೆ ಕಳೆದು ಉಳಿದದ್ದೆಲ್ಲ ಲಾಭ. ಬರೀ ಕಾಗದದಲ್ಲಿ ತೈಲ ಹಿಡಿದವನ ಪಾಡು ಬೇರೆ. ಅವನು 100 ಬ್ಯಾರೆಲ್‌ಗಳನ್ನು 20 ಡಾಲರ್‌ನಂತೆ ಮಾರಿ, 25ರ ಮುಂದಿನ ವಾಯಿದೆ ಕೊಂಡರೆ ಕೈಗೆ 80 ಬ್ಯಾರೆಲ್ ಮಾತ್ರ. ಪೇಟೆ ಬೆಲೆ 20ರಲ್ಲೇ ನಿಂತರೂ ಅವನ 2,000 ಡಾಲರ್ ತಿಂಗಳಲ್ಲಿ 1,600 ಆಗುತ್ತದೆ. ತೈಲ ಅಗ್ಗವಾಗಿದೆ ಎಂದು ಫಂಡ್ ಕೊಂಡವರು ಸೋತದ್ದು ಇಲ್ಲೇ.

ಸರಕಿಗೆ ಅಭಾವ ಬಂದಾಗ ಈಗಿನ ಬೆಲೆಯೇ ಮೇಲಿರುತ್ತದೆ, ಅದು ಬ್ಯಾಕ್‌ವರ್ಡೇಶನ್. ಆಗ ವಾಯಿದೆ ಬದಲಿಸುವವನಿಗೆ ಅನುಕೂಲ, ದಾಸ್ತಾನು ಇಟ್ಟವನಿಗೆ ಬಾಡಿಗೆಯೂ ಹುಟ್ಟದು.

ಅಂದಿನ ಪೆಟ್ಟು ಮುಂಬೈಗೂ ಬಿತ್ತು: ಎಂಸಿಎಕ್ಸ್ ತನ್ನ ಏಪ್ರಿಲ್ ವಾಯಿದೆಯನ್ನು ಮೈನಸ್ 2,884 ರೂಪಾಯಿಗೆ ಚುಕ್ತಾ ಮಾಡಿತು.