ನಕ್ಷೆಯಲ್ಲಿ ಕಾಣದ ಪೈಪು

ಬೇವೂರಿನಲ್ಲಿ ನಮ್ಮ ಚಾಚಾ ಕಟ್ಟಿಸುತ್ತಿರುವ ಮನೆಗೆ ಎರಡು ಬಚ್ಚಲು, ಒಂದೇ ಗೋಡೆಯ ಆಚೆ ಈಚೆ. ನೀ ಕಾಮರ್ಸ್ ಓದತೀಯಲ್ಲ, ಲೆಕ್ಕ ಮಾಡು ಎಂದು ತಣ್ಣೀರಿನ ಪೈಪಿನ ಪಟ್ಟಿಯನ್ನು ನನಗೇ ಬಿಟ್ಟರು. ಒಂದು ಎಲ್ಬೋ ಕಡಿಮೆ ಬಿದ್ದರೂ ಬಾಗಲಕೋಟೆಗೆ ಹೋಗಿ ಬರುವವರೆಗೆ ಪ್ಲಂಬರ್ ಸುಮ್ಮನೆ ಕೂರಬೇಕು, ಕೂಲಿ ಮಾತ್ರ ತಪ್ಪುವುದಿಲ್ಲ.

ನಕ್ಷೆ ಎಂದರೆ ಮನೆಯನ್ನು ಮೇಲಿನಿಂದ ನೋಡಿದ ಚಿತ್ರ. ಅದರಲ್ಲಿ ಅಡ್ಡ ಹೋಗುವ ಪೈಪು ಗೆರೆಯಾಗಿ ಕಾಣುತ್ತದೆ, ನಿಂತ ಪೈಪು ಬರೀ ಚುಕ್ಕೆ. ನಮ್ಮ ಟ್ಯಾಂಕಿನಿಂದ 1 ಇಂಚಿನ ಪೈಪು ಮಾಳಿಗೆಗೆ 3 ಅಡಿ ಇಳಿದು, ಮಾಳಿಗೆ ಮೇಲೆ 5 ಅಡಿ ಓಡಿ, ಹೊರಗೋಡೆಗೆ 8 ಅಡಿ ಇಳಿಯುತ್ತದೆ. ಒಟ್ಟು 16 ಅಡಿ. ನಕ್ಷೆಯಲ್ಲಿ ಕಾಣುವುದು 5 ಅಡಿ ಮಾತ್ರ. ಬಚ್ಚಲಿನೊಳಗೆ ನೆಲದಿಂದ 2 ಅಡಿ ಎತ್ತರದಲ್ಲಿ ಮುಕ್ಕಾಲು ಇಂಚಿನ ಪೈಪು 8 ಅಡಿ ಅಡ್ಡ ಹೋಗುತ್ತದೆ. ಶವರ್‌ಗೆ ಮತ್ತೆ 5 ಅಡಿ ಮೇಲೇರುತ್ತದೆ. ಹೀಗೆ ಬಚ್ಚಲಿಗೆ 13, ಎರಡಕ್ಕೆ 26 ಅಡಿ. ಎಲ್ಲಾ ಕೂಡಿಸಿದರೆ 42 ಅಡಿ, ಗೆರೆ ಅಳೆದರೆ ಬರುವುದು 21. ಸರಿಯಾಗಿ ಅರ್ಧ!

ಪೈಪು ತಿರುಗಿದಲ್ಲಿ ಎಲ್ಬೋ, ಕವಲೊಡೆದಲ್ಲಿ ಟೀ. ಟ್ಯಾಂಕಿನಿಂದ ಹೊರಬಂದ ಕೂಡಲೇ ಒಂದು, ಮಾಳಿಗೆಯ ಮೇಲೆ ಒಂದು, ಅಂಚಿನಲ್ಲಿ ಒಂದು, ಹೀಗೆ 1 ಇಂಚಿನ ಎಲ್ಬೋ 3. ಕೆಳಗೆ ನೀರು ಎರಡೂ ಬಚ್ಚಲಿಗೆ ಹಂಚಿಹೋಗುವಲ್ಲಿ 1 ಇಂಚಿನ ಟೀ, ಅದರ ಎರಡು ಬಾಯಿಗೆ ಮುಕ್ಕಾಲಿಗೆ ಇಳಿಸುವ ರೆಡ್ಯೂಸರ್.

ಪ್ರತಿ ಬಚ್ಚಲಿನಲ್ಲಿ ಬಕೆಟ್ ನಳ, ಶವರ್, ಸಂಡಾಸದ ನಳ, ಕೊನೆಗೆ ವಾಶ್ ಬೇಸಿನ್. ಶವರ್‌ಗೆ ಕವಲು ಹೋಗುವಲ್ಲಿ ಸಾದಾ ಟೀ 1, ಗೋಡೆ ತಿರುಗುವಲ್ಲಿ ಸಾದಾ ಎಲ್ಬೋ 1. ನಳವನ್ನು ತಿರುಗಿಸಿ ಕೂಡಿಸುವ ಕಡೆ ಹಿತ್ತಾಳೆ ಚೂಡಿ ಇದ್ದದ್ದೇ ಬೇಕು: ದಾರಿಯಲ್ಲಿರುವ ಎರಡು ನಳಕ್ಕೆ ಟೀ 2, ಪೈಪು ಮುಗಿಯುವ ಶವರ್ ಮತ್ತು ಬೇಸಿನ್‌ಗೆ ಎಲ್ಬೋ 2.

ತಾಳೆ ನೋಡಲು ಸುಲಭ ದಾರಿ ಇದೆ. ನೀರು ಬರುವ ಬಾಯಿಗಳನ್ನು ಎಣಿಸಿ ಒಂದು ಕಳೆಯಿರಿ, ಟೀಗಳ ಸಂಖ್ಯೆ ಬರುತ್ತದೆ. ನಮ್ಮಲ್ಲಿ ಬಾಯಿ 8. ಟೀ ಬಚ್ಚಲಿಗೆ ಮೂರರಂತೆ 6, ನಡುವಿನದು 1, ಒಟ್ಟು 7. ಟ್ಯಾಲಿ ಆಯಿತು. ಆದರೆ ಎಲ್ಬೋಗಳಿಗೆ ಇಂಥ ಸೂತ್ರವಿಲ್ಲ, ಗೋಡೆ ತಿರುಗಿದಷ್ಟೂ ಬೇಕು.

ಪೈಪನ್ನು ಒಟ್ಟು ಅಡಿಯಲ್ಲಿ ಕೊಳ್ಳಬಾರದು, ತುಂಡು ಕತ್ತರಿಸಿ ನೋಡಬೇಕು. ನಾವು ತರುವುದು 10 ಅಡಿಯ ಪೈಪು. 1 ಇಂಚಿನದು ಎರಡು ಸಾಕು: ಒಂದರಲ್ಲಿ 8, ಇನ್ನೊಂದರಲ್ಲಿ 5 ಮತ್ತು 3. ಅದೇ 7, 7, 6 ಅಡಿಯ ತುಂಡುಗಳಾಗಿದ್ದರೆ ಮೊತ್ತ 20 ಆದರೂ ಮೂರು ಪೈಪು ಬೇಕಾಗುತ್ತಿತ್ತು. ಮುಕ್ಕಾಲಿನದು ಮೂರು, ಶವರ್‌ನ ಎರಡು ತುಂಡು ಒಂದೇ ಪೈಪಿನಲ್ಲಿ ಬರುತ್ತವೆ, ಕೊನೆಗೆ 4 ಅಡಿ ಉಳಿಯುತ್ತದೆ.