ಎದುರು ಕಂಪನಿಗೆ ಹೊರಟವರಿಗೆ ನಾಲ್ಕು ಸಾಲು

ಔಷಧ ಕಂಪನಿಯ ಪ್ರತಿನಿಧಿಯೊಬ್ಬರು ಕೆಲಸ ಬಿಟ್ಟು, ಅದೇ ಕಾಯಿಲೆಗೆ ಮಾತ್ರೆ ಮಾರುವ ಇನ್ನೊಂದು ಕಂಪನಿ ಸೇರುತ್ತಾರೆ ಎನ್ನಿ. ದಾವಣಗೆರೆಯಂಥ ಊರಿನಲ್ಲಿ ಅವರು ದೂರವೇನೂ ಹೋಗುವುದಿಲ್ಲ. ಡಾಕ್ಟರು ಅವರೇ, ಔಷಧ ಅಂಗಡಿಗಳೂ ಅವೇ. ಮುಂದಿನ ವಾರ ಕ್ಲಿನಿಕ್ಕಿನ ಹೊರಗೆ ಒಂದೇ ಬೆಂಚಿನಲ್ಲಿ ಕೂತು ಕಾಯಬೇಕಾದವರು ಇವರಿಬ್ಬರು. ಬೀಳ್ಕೊಡುಗೆಯ ಮಾತು ಕೆಟ್ಟರೆ ಆ ಬೆಂಚಿನಲ್ಲಿ ಮುಖ ನೋಡುವುದೇ ಕಷ್ಟವಾಗುತ್ತದೆ.

ಮಾತು ಕೆಡುವುದು ಬೈಗುಳದಿಂದಲ್ಲ, ತಮಾಷೆಯಿಂದ. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಇಂಥ ಸಾಲುಗಳು ಬೀಳುತ್ತವೆ: “ಕಂಗ್ರಾಟ್ಸ್ ಅಣ್ಣಾ, ದೊಡ್ಡ ಪ್ಯಾಕೇಜು, ದೊಡ್ಡ ಕಂಪನಿ. ಇನ್ನು ನೀವು ನಮ್ಮ ಎದುರಾಳಿ. ನಮ್ಮ ಡಾಕ್ಟರನ್ನು ಮಾತ್ರ ಬಿಟ್ಟುಬಿಡಿ! ನಮಗೂ ಅಲ್ಲೊಂದು ಸೀಟು ನೋಡಿ.” ಇಲ್ಲಿ ಸಂಬಳದ ಮಾತಿನಲ್ಲಿ ಹೊಟ್ಟೆಕಿಚ್ಚು ಕಾಣುತ್ತದೆ, ಡಾಕ್ಟರ ಮಾತಿನಲ್ಲಿ ಅಂಜಿಕೆ. ಕೊನೆಯ ಸಾಲು ಅದೇ ಗುಂಪಿನಲ್ಲಿರುವ ಮ್ಯಾನೇಜರ ಕಣ್ಣಿಗೂ ಬೀಳುತ್ತದೆ. ಹೊರಟವರಿಗೆ ನಕ್ಕು ಸುಮ್ಮನಾಗುವುದು ಬಿಟ್ಟು ಬೇರೆ ದಾರಿಯಿಲ್ಲ.

ಹೊರಟವರು ದ್ರೋಹವನ್ನೂ ಮಾಡಿಲ್ಲ. ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂಬ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕಂಪನಿಯ ಗುಟ್ಟು ಕಾಪಾಡುವ ಹೊಣೆ ಮಾತ್ರ ಅವರ ಮೇಲಿರುತ್ತದೆ. ಅದನ್ನು ನೆನಪಿಸುವುದು ಕಂಪನಿಯ ಕೆಲಸ, ಗೆಳೆಯರದಲ್ಲ.

ಹಾಗಾದರೆ ಬರೆಯುವುದೇನು? ಆ ವ್ಯಕ್ತಿ ನಿಮಗಾಗಿ ಮಾಡಿದ ಒಂದು ಕೆಲಸವನ್ನು ಹಿಡಿಯಿರಿ, ಅದರ ವಿವರದೊಂದಿಗೆ. “ನಿಮ್ಮಿಂದ ಬಹಳ ಕಲಿತೆ” ಎಂದರೆ ಯಾರಿಗೂ ಹೊಂದುತ್ತದೆ, ಹಾಗಾಗಿ ಯಾರಿಗೂ ತಟ್ಟುವುದಿಲ್ಲ. ಮೇಲಿನ ಸಂದೇಶವನ್ನೇ ಹೀಗೆ ಬರೆಯಬಹುದು:

“ಅಣ್ಣಾ, ನಾನು ಹೊಸದಾಗಿ ಸೇರಿದಾಗ ಹರಿಹರದ ಕ್ಲಿನಿಕ್ಕುಗಳಿಗೆಲ್ಲ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಒಬ್ಬೊಬ್ಬರಿಗೂ ಪರಿಚಯ ಮಾಡಿಸಿದಿರಿ. ಡಾಕ್ಟರು ಕೇಳಿದ್ದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳು, ನಾಳೆ ತಿಳಿದುಕೊಂಡು ಬಾ ಅಂದಿರಿ. ಇವತ್ತಿಗೂ ಹಾಗೇ ಮಾಡ್ತೀನಿ. ಹೊಸ ಕೆಲಸ ಚೆನ್ನಾಗಿ ಸಾಗಲಿ. ಸಿಕ್ಕಾಗ ಚಹಾ ಕುಡಿಯೋಣ.”

ಇದರಲ್ಲಿ ಹೊಸ ಕಂಪನಿಯ ಹೆಸರಿಲ್ಲ. ಅವರೇ ಎಲ್ಲರಿಗೂ ಹೇಳುವ ತನಕ ಅದು ನಾವು ಹೇಳುವ ಮಾತಲ್ಲ. ಹೇಳಿದ್ದರೂ ಎತ್ತಬೇಕಾದ ಅಗತ್ಯವಿಲ್ಲ. “ನೀವಿಲ್ಲದೆ ನಾವು ಹೇಗೆ” ಎಂಬ ಗೋಳೂ ಇಲ್ಲ. ಅದು ಹೊರಟವರ ತಲೆಯ ಮೇಲೆ ತಪ್ಪು ಹೊರಿಸುತ್ತದೆ.

ಸಂದೇಶ ಕೊನೆಯ ದಿನವೇ ತಲುಪಲಿ. ಮರುದಿನಕ್ಕೆ ಅವರನ್ನು ಆಫೀಸಿನ ಗುಂಪಿನಿಂದ ತೆಗೆದಿರಬಹುದು. ಗುಂಪಿನಲ್ಲಿ ಒಂದು ಸಾಲಿನ ಶುಭಾಶಯ ಸಾಕು, ಮೇಲಿನಂಥ ಮಾತನ್ನು ಅವರ ಸ್ವಂತ ನಂಬರಿಗೇ ಕಳಿಸಿ. ಆಮೇಲೆ ಚಹಾಕ್ಕೆ ಸಿಕ್ಕಾಗ, ಅವರ ಹೊಸ ಕಂಪನಿಯ ಟಾರ್ಗೆಟ್ ಎಷ್ಟು ಎಂದು ದಯವಿಟ್ಟು ಕೇಳಬೇಡಿ.